ಪರಿವರ್ತನೆ ಆದಮೇಲೆ ಕ್ರಯ, ಅಂದರೆ ಯಾವಾಗ?

ಜಮೀನಿನ ಕರಾರುಪತ್ರಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. “ಸದರಿ ಜಮೀನು ಭೂಪರಿವರ್ತನೆಯಾದ ಮೂರು ತಿಂಗಳೊಳಗಾಗಿ ಬಾಕಿ ಹಣ ಪಡೆದು ಶುದ್ಧ ಕ್ರಯಪತ್ರ ಬರೆದುಕೊಡತಕ್ಕದ್ದು.” ಪತ್ರ ಬರಹಗಾರರು ಇದನ್ನು ಕಣ್ಣು ಮುಚ್ಚಿ ಬರೆಯುತ್ತಾರೆ, ಕೊಳ್ಳುವವರು ಮೂರು ತಿಂಗಳು ಎಂದು ಓದಿ ಸಮಾಧಾನಪಡುತ್ತಾರೆ. ಆದರೆ ಆ ಮೂರು ತಿಂಗಳ ಲೆಕ್ಕ ಶುರುವಾಗುವುದು ಪರಿವರ್ತನೆಯ ಆದೇಶ ಬಂದ ದಿನದಿಂದ. ಆದೇಶವೇ ಬರದಿದ್ದರೆ? ಅರ್ಜಿಯನ್ನೇ ಹಾಕದಿದ್ದರೆ? ಈ ಪ್ರಶ್ನೆಗೆ ಕರಾರಿನಲ್ಲಿ ಉತ್ತರವಿರುವುದಿಲ್ಲ. ಮುಂಗಡ ಕೊಟ್ಟವರು ನಾಲ್ಕೈದು ವರ್ಷ ಕಾದು, ಕೊನೆಗೆ ವಕೀಲರ ಮುಂದೆ ಕುಳಿತು ಅದೇ ವಾಕ್ಯವನ್ನು ಮತ್ತೊಮ್ಮೆ ಓದುತ್ತಾರೆ.

“ಇಂಥದ್ದು ಆದರೆ ಮಾತ್ರ ಕ್ರಯ” ಎಂಬುದು ಪೂರ್ವಷರತ್ತು. “ಏನೇ ಆಗಲಿ, ಈ ತಾರೀಖಿನ ಆಚೆಗೆ ಕಾಯುವುದಿಲ್ಲ” ಎಂಬುದು ಕೊನೆಯ ಗಡುವು. ದೊಡ್ಡ ಕಂಪನಿಗಳ ವಕೀಲರು ಇದನ್ನು ಲಾಂಗ್ ಸ್ಟಾಪ್ ಡೇಟ್ ಎನ್ನುತ್ತಾರೆ. ನಮ್ಮ ಕರಾರುಗಳಲ್ಲಿ ಮೊದಲನೆಯದು ಧಾರಾಳವಾಗಿರುತ್ತದೆ, ಎರಡನೆಯದು ಇರುವುದೇ ಅಪರೂಪ.

ಒಂದು ಕಲ್ಪಿತ ಉದಾಹರಣೆ ಹಿಡಿದು ನೋಡೋಣ. ದೊಡ್ಡಬಳ್ಳಾಪುರದ ಕಡೆ ಐದು ಎಕರೆಯ ಒಂದು ಸರ್ವೆ ನಂಬರ್. ಅದರಲ್ಲಿ ಎರಡು ಎಕರೆಯನ್ನು ಗೋದಾಮು ಕಟ್ಟಲೆಂದು ಒಬ್ಬರು ಎಕರೆಗೆ 90 ಲಕ್ಷದಂತೆ 1 ಕೋಟಿ 80 ಲಕ್ಷಕ್ಕೆ ಮಾತಾಡುತ್ತಾರೆ. ಮುಂಗಡ 18 ಲಕ್ಷ. ಕರಾರಿನ ದಿನ 2023ರ ಜೂನ್ 10. ಷರತ್ತು ಮೂರು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದರಿಂದ 11ಇ ನಕ್ಷೆ ಆಗಬೇಕು. ಸಹಕಾರ ಸಂಘದ ಸಾಲ ತೀರಿ, ಪಹಣಿಯಲ್ಲಿರುವ ಅದರ ನಮೂದು ಹೋಗಬೇಕು. ಕೃಷಿಯೇತರ ಬಳಕೆಗೆ ಪರಿವರ್ತನೆಯ ಆದೇಶ ಸಿಗಬೇಕು.

ಈ ಮೂರೂ ಒಂದೇ ಜಾತಿಯವಲ್ಲ. ಸಾಲ ತೀರಿಸುವುದು ಪೂರ್ತಿ ಮಾರುವವರ ಕೈಯಲ್ಲಿದೆ. ನಕ್ಷೆಗೆ ಅರ್ಜಿ ಹಾಕಬೇಕಾದವರು ಅವರೇ ಆದರೂ ಅಳೆಯುವವರು ಸರ್ವೆ ಇಲಾಖೆಯವರು. ಪರಿವರ್ತನೆಯ ಆದೇಶ ಕೊಡುವವರು ಜಿಲ್ಲಾಧಿಕಾರಿ. ಆದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಅರ್ಜಿ ಹಾಕುವವರು ಜಮೀನಿನ ಹಿಡುವಳಿದಾರರೇ. ಶುಲ್ಕ ಕೊಳ್ಳುವವರು ಕಟ್ಟಿದರೂ ಅರ್ಜಿಗೂ ಪ್ರಮಾಣಪತ್ರಕ್ಕೂ ಮಾರುವವರ ಸಹಿ ಬೇಕು. ಜಗಳ ಹುಟ್ಟುವುದು ಇಲ್ಲೇ. ಒಂದು ವರ್ಷದಲ್ಲಿ ಎಕರೆಗೆ 90 ಲಕ್ಷ ಇದ್ದದ್ದು ಒಂದೂವರೆ ಕೋಟಿಯಾದರೆ, ಪೆನ್ನು ಹಿಡಿಯುವ ಕೈಗೆ ಸಹಜವಾಗಿಯೇ ನೋವು ಬರುತ್ತದೆ.

ಹೀಗೆ ಸಹಿ ಮಾಡದೆ ಕುಳಿತು, ಆಮೇಲೆ “ಷರತ್ತು ಈಡೇರಲಿಲ್ಲ, ಕರಾರು ಬಿದ್ದುಹೋಯಿತು” ಎನ್ನಲು ಬರುತ್ತದೆಯೇ? ಬರುವುದಿಲ್ಲ. ಚಾಂದನೀ ವಿದ್ಯಾವತಿ ಮದನ್ ಮತ್ತು ಸಿ.ಎಲ್. ಕಟಿಯಾಲ್ ನಡುವಿನ ದೆಹಲಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲೇ ಇದನ್ನು ತೀರ್ಮಾನಿಸಿದೆ. ಅದು ಸರ್ಕಾರದ ಅನುಮತಿಯಿಲ್ಲದೆ ಮಾರಲಾಗದ ಸ್ವತ್ತು. ಮಾರುವವರು ಎರಡು ತಿಂಗಳೊಳಗೆ ಅನುಮತಿ ತರಬೇಕು, ತರದಿದ್ದರೆ ಅವಧಿ ವಿಸ್ತರಿಸುವ ಅಥವಾ ಕರಾರು ರದ್ದೆಂದು ತಿಳಿಯುವ ಆಯ್ಕೆ ಕೊಳ್ಳುವವರದು ಎಂದು ಕರಾರಿನಲ್ಲಿತ್ತು. ಮಾರುವವರು ಅರ್ಜಿ ಹಾಕಿದರು, ಆಮೇಲೆ ತಾವೇ ಹಿಂತೆಗೆದುಕೊಂಡರು. ಅನುಮತಿ ಸಿಕ್ಕಿಲ್ಲವೆಂಬ ಕಾರಣಕ್ಕೆ ಕರಾರು ಸಾಯುವುದಿಲ್ಲ, ಮಾರುವವರು ಅರ್ಜಿ ಹಾಕಲೇಬೇಕು ಎಂದಿತು ನ್ಯಾಯಾಲಯ. ಈ ತೀರ್ಪಿನಷ್ಟೇ ಗಮನಿಸಬೇಕಾದದ್ದು ಆ ಕರಾರಿನ ಬರವಣಿಗೆ. ಎರಡು ತಿಂಗಳು ಎಂದು ಬರೆದು, ದಾಟಿದರೆ ತೀರ್ಮಾನ ಯಾರದು ಎಂದೂ ಬರೆದಿದ್ದರು. ನಮ್ಮ ಎಷ್ಟೋ ಕರಾರುಗಳಲ್ಲಿ ಇಂದಿಗೂ ಅಷ್ಟಿಲ್ಲ.

ಇನ್ನು ಗಡುವಿನ ವಿಚಾರ. “ಮೂರು ತಿಂಗಳೊಳಗೆ ಕ್ರಯ” ಎಂದು ಬರೆದು ನಾಲ್ಕನೇ ತಿಂಗಳಲ್ಲಿ ಹಣ ತಂದರೆ ಕರಾರು ತಾನಾಗಿಯೇ ಮುರಿದುಬೀಳುವುದಿಲ್ಲ. ಸ್ಥಿರಾಸ್ತಿಯ ಮಾರಾಟದಲ್ಲಿ ಕಾಲವೇ ಕರಾರಿನ ಜೀವಾಳ ಎಂದು ಮೊದಲೇ ಊಹಿಸಬಾರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರ ಚಾಂದ್ ರಾಣಿ ಮೊಕದ್ದಮೆಯಲ್ಲಿ ಹೇಳಿದೆ. ಕರಾರಿನ ಮಾತು ಮತ್ತು ಸಂದರ್ಭ ಬೇರೆ ಹೇಳಿದರೆ ಮಾತ್ರ ಬೇರೆ. ಹಾಗೆಂದು ಎಲ್ಲ ತಾರೀಖುಗಳೂ ಸಡಿಲ ಎಂದುಕೊಂಡರೆ ಕೆಡುತ್ತೀರಿ. 1872ರ ಕರಾರು ಕಾಯ್ದೆಯ 35ನೇ ಕಲಂ ಇನ್ನೊಂದು ಬಗೆಯ ತಾರೀಖನ್ನು ಕುರಿತದ್ದು. ಇಂಥ ಘಟನೆ ಇಂಥ ಅವಧಿಯೊಳಗೆ ನಡೆದರೆ ಮಾತ್ರ ಈ ಕರಾರು ಎಂದು ಬರೆದಿದ್ದು, ಅವಧಿ ಮುಗಿದರೂ ಅದು ನಡೆಯದಿದ್ದರೆ, ಕರಾರು ಅಲ್ಲಿಗೆ ಅನೂರ್ಜಿತ. ಹಣ ಕಟ್ಟುವ ತಾರೀಖು ತಪ್ಪಿದರೆ ನ್ಯಾಯಾಲಯ ಕನಿಕರಿಸಬಹುದು, ಷರತ್ತಿಗೇ ಕಟ್ಟಿದ ತಾರೀಖು ತಪ್ಪಿದರೆ ಕನಿಕರಕ್ಕೆ ಕರಾರೇ ಉಳಿದಿರುವುದಿಲ್ಲ.

ಆದ್ದರಿಂದ ನಮ್ಮ ಉದಾಹರಣೆಯ ಕರಾರು ಹೀಗಿರಬೇಕಿತ್ತು. ಮಾರುವವರು ಕರಾರಾದ 15 ದಿನದೊಳಗೆ ನಕ್ಷೆಗೂ ಪರಿವರ್ತನೆಗೂ ಅರ್ಜಿ ಹಾಕಿ ಸ್ವೀಕೃತಿಯ ಪ್ರತಿ ಕೊಡಬೇಕು. ಆದೇಶ ಬಂದ 30 ದಿನದೊಳಗೆ ಕ್ರಯ. ಏನೇ ಆದರೂ ಕೊನೆಯ ಗಡುವು ಒಂಬತ್ತು ತಿಂಗಳು, ಅಂದರೆ 2024ರ ಮಾರ್ಚ್ 10. ಅಷ್ಟರೊಳಗೆ ಆದೇಶ ಬರದಿದ್ದರೆ, ಕೊಳ್ಳುವವರು ಬರಹದಲ್ಲಿ ಅವಧಿ ವಿಸ್ತರಿಸಬಹುದು, ಷರತ್ತನ್ನು ಬಿಟ್ಟುಕೊಟ್ಟು ಜಮೀನನ್ನು ಇದ್ದಂತೆಯೇ ಕೊಳ್ಳಬಹುದು, ಇಲ್ಲವೇ ಮುಂಗಡ ವಾಪಸು ಕೇಳಬಹುದು. ತನ್ನ ತಪ್ಪಿನಿಂದ ಷರತ್ತು ತಪ್ಪಿಸಿದವರಿಗೆ ಈ ಗಡುವನ್ನು ಮುಂದೊಡ್ಡಿ ಹಿಂದೆ ಸರಿಯುವ ಹಕ್ಕಿಲ್ಲ.

ಷರತ್ತು ಬಿಟ್ಟುಕೊಡುವ ಮಾತು 2020ಕ್ಕೆ ಮೊದಲು ಬಹಳ ಜನಕ್ಕೆ ಅರ್ಥವಿಲ್ಲದ್ದಾಗಿತ್ತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಆ ವರ್ಷ ರದ್ದಾದವು. ಈಗ ಪರಿವರ್ತನೆಗೆ ಕಾಯದೆ ಕೃಷಿ ಜಮೀನಾಗಿಯೇ ಕೊಂಡು, ಆಮೇಲೆ ತನ್ನ ಹೆಸರಲ್ಲಿ ಅರ್ಜಿ ಹಾಕುವ ದಾರಿ ಉಂಟು. ಆದರೆ ಬಿಟ್ಟುಕೊಡಬಹುದಾದದ್ದು ನಿಮ್ಮ ಅನುಕೂಲಕ್ಕೆ ಇಟ್ಟುಕೊಂಡ ಷರತ್ತನ್ನು ಮಾತ್ರ. ಕಾನೂನೇ ಬೇಕೆನ್ನುವ ಅನುಮತಿಯನ್ನು ಇಬ್ಬರೂ ಒಪ್ಪಿದರೂ ಬಿಡಲಾಗದು. ಒಂದು ಕಡೆಯಂತೂ ಷರತ್ತು ಬರೆದುಕೊಳ್ಳುವುದೇ ತಪ್ಪು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಎಂಬ ಪದಕ್ಕೆ ಮಾರಾಟದ ಕರಾರೂ ಸೇರಿದೆ. “ಸರ್ಕಾರದ ಅನುಮತಿ ಬಂದಮೇಲೆ ಕ್ರಯ” ಎಂದು ಬರೆದು ಮುಂಗಡ ಕೊಟ್ಟರೆ ಜಾಣತನವಾಯಿತೆಂದು ತಿಳಿಯಬೇಡಿ. ಅಲ್ಲಿ ಕರಾರಿಗೂ ಮೊದಲು ಅನುಮತಿ ಬರಬೇಕು.

ಈಗ ಗಡುವು ಬಂತು, ಯಾರ ತಪ್ಪೂ ಇಲ್ಲದೆ ಪರಿವರ್ತನೆ ಆಗಲಿಲ್ಲ ಎಂದಿಟ್ಟುಕೊಳ್ಳಿ. ವಲಯ ಯೋಜನೆಯಲ್ಲಿ ಆ ಜಾಗ ಹಸಿರು ಪಟ್ಟಿಗೆ ಸೇರಿದೆಯೆಂದು ಅರ್ಜಿ ತಿರಸ್ಕೃತವಾಯಿತು. ಕರಾರು ಅನೂರ್ಜಿತವಾದಾಗ ಅದರಡಿ ಪಡೆದದ್ದನ್ನು ಹಿಂದಿರುಗಿಸಬೇಕೆಂದು ಕರಾರು ಕಾಯ್ದೆಯ 65ನೇ ಕಲಂ ಹೇಳುತ್ತದೆ. ಹಾಗಾಗಿ 18 ಲಕ್ಷ ವಾಪಸು ಬರಬೇಕು, ಮುಟ್ಟುಗೋಲಿನ ಪ್ರಶ್ನೆಯೇ ಇಲ್ಲ. ತಪ್ಪು ಕೊಳ್ಳುವವರದೇ ಆದಾಗಲೂ ಕೊಟ್ಟದ್ದೆಲ್ಲ ಹೋಯಿತೆಂದಲ್ಲ. ಫತೇಹ್ ಚಂದ್ ಮೊಕದ್ದಮೆಯಲ್ಲಿ ಮಾರುವವರ ಕೈ ಸೇರಿದ್ದ 25,000 ರೂಪಾಯಿಯಲ್ಲಿ ಮುಂಗಡದ ಬಾಬ್ತು ಎಂದಿದ್ದ 1,000ವನ್ನು ಇಟ್ಟುಕೊಳ್ಳಲು ಬಿಟ್ಟು, ಉಳಿದ 24,000ವನ್ನು ಬರೀ ಕರಾರಿನ ಮಾತಿನ ಬಲದ ಮೇಲೆ ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು.

ಕಾನೂನು ಹೀಗಿದ್ದರೂ ಹಣ ಆ ಹೊತ್ತಿಗೆ ಮಾರುವವರ ಬಳಿ ಇರುವುದಿಲ್ಲ. ಮಗಳ ಮದುವೆಗೋ ಸೊಸೈಟಿಯ ಸಾಲಕ್ಕೋ ಹೋಗಿರುತ್ತದೆ. ಕೊಟ್ಟ ಹಣದ ಮಟ್ಟಿಗೆ ಆ ಜಮೀನಿನ ಮೇಲೆಯೇ ಕೊಳ್ಳುವವರಿಗೆ ಹಕ್ಕು ಕೊಡುವ ನಿಯಮ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿದೆ. ಆದರೆ ಅದು ಕೈಗೆ ಬರಲು ದಾವೆ ನಡೆಯಬೇಕು. ಮುಂಗಡದ ದೊಡ್ಡ ಭಾಗವನ್ನು ಷರತ್ತು ಈಡೇರಿದಂತೆಲ್ಲ ಕಂತಿನಲ್ಲಿ ಕೊಡುವುದು ಇದಕ್ಕಿಂತ ಎಷ್ಟೋ ಮೇಲು. ನಕ್ಷೆ ಬಂದಾಗ ಇಷ್ಟು, ಆದೇಶ ಬಂದಾಗ ಇಷ್ಟು. ಸಾಲದ ಹಣವನ್ನು ನೇರ ಸೊಸೈಟಿಗೇ ಕಟ್ಟಿ ರಸೀದಿ ಪಡೆಯಬಹುದು.

ಮಾರುವವರಿಗೂ ಒಂದು ತೊಡಕಿದೆ. ಕರಾರು ನೋಂದಣಿಯಾಗಿದ್ದರೆ ಅದು ಋಣಭಾರ ಪತ್ರದಲ್ಲಿ, ಜನ ಇಸಿ ಎನ್ನುವ ಕಾಗದದಲ್ಲಿ, ಕಾಣುತ್ತದೆ. ಗಡುವು ದಾಟಿ ಕರಾರು ಸತ್ತರೂ ನಮೂದು ತಾನಾಗಿ ಅಳಿಯುವುದಿಲ್ಲ. ಇನ್ನೊಬ್ಬ ಗಿರಾಕಿ ಅದನ್ನು ನೋಡಿಯೇ ಹಿಂದೆ ಸರಿಯುತ್ತಾನೆ. ಹಾಗಾಗಿ ಗಡುವು ಮುಗಿದ 30 ದಿನದೊಳಗೆ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಒಂದು ಕೈಯಲ್ಲಿ ಡಿ.ಡಿ., ಇನ್ನೊಂದು ಕೈಯಲ್ಲಿ ರದ್ದುಪತ್ರಕ್ಕೆ ಸಹಿ ಎಂದು ಮೊದಲೇ ಬರೆದಿಡುವುದು ಇಬ್ಬರಿಗೂ ಒಳ್ಳೆಯದು. ತಡವಾದರೆ ಬಡ್ಡಿ ಎಷ್ಟೆಂಬುದನ್ನೂ ಅಲ್ಲೇ ಬರೆಯಬೇಕು.

ತಪ್ಪು ಮಾರುವವರದಾಗಿದ್ದು, ಕ್ರಯಪತ್ರವೇ ಬೇಕೆಂದು ನ್ಯಾಯಾಲಯಕ್ಕೆ ಹೋಗುವುದಾದರೆ, ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ತಾರೀಖು ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾರುವವರು ನಿರಾಕರಿಸಿದ್ದು ಗೊತ್ತಾದ ದಿನದಿಂದ. ನಮ್ಮ ಉದಾಹರಣೆಯಲ್ಲಿ ಲೆಕ್ಕ ಸುಲಭ: 2024ರ ಮಾರ್ಚ್ 10ರಿಂದ 2027ರ ಮಾರ್ಚ್ 10. ಬರೀ “ಪರಿವರ್ತನೆ ಆದಮೇಲೆ” ಎಂದಿದ್ದರೆ ಯಾವ ದಿನದಿಂದ ಎಣಿಸಬೇಕೆಂಬುದೇ ವರ್ಷಗಟ್ಟಲೆ ವಾದವಾಗುತ್ತದೆ. “ಇನ್ನಾರು ತಿಂಗಳು ತಡೀರಿ ಸ್ವಾಮಿ” ಎಂದು ಬಾಯಿಮಾತಿನಲ್ಲಿ ಸಿಕ್ಕ ವಿಸ್ತರಣೆಯನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಕರಾರಿನ ಹಿಂಬದಿಯಲ್ಲಿ ತಾರೀಖಿನೊಂದಿಗೆ ಹಿಂಬರಹ ಮಾಡಿಸಿ, ಜಮೀನಿನಲ್ಲಿ ಪಾಲಿರುವ ಎಲ್ಲರ ಸಹಿ ಹಾಕಿಸಿಕೊಳ್ಳಬೇಕು. ದಾವೆಯಲ್ಲಿ ಕ್ರಯದ ಜೊತೆಗೆ, ಅದಾಗದಿದ್ದರೆ ಮುಂಗಡ ವಾಪಸು ಕೊಡಿಸಿ ಎಂದೂ ಕೇಳಿರಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಮಿನಂತೆ, ಕೇಳದ ಮುಂಗಡವನ್ನು ನ್ಯಾಯಾಲಯ ತಾನಾಗಿ ಕೊಡಿಸುವುದಿಲ್ಲ.

ಮನೆಯ ಬೀರುವಿನಲ್ಲಿ ಇಂಥದೊಂದು ಕರಾರುಪತ್ರ ಇದ್ದರೆ ಇವತ್ತೇ ತೆಗೆದು ನೋಡಿ. ಕೊನೆಯ ತಾರೀಖು ಇದ್ದರೆ ಅದಕ್ಕೆ ಮೂರು ವರ್ಷ ಕೂಡಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇಲ್ಲದಿದ್ದರೆ, ಮಾರುವವರು ಇನ್ನೂ ಮುಖ ಕೊಟ್ಟು ಮಾತಾಡುತ್ತಿರುವಾಗಲೇ ಒಂದು ತಾರೀಖು ಬರೆಸಿಕೊಳ್ಳಿ.