ಹನ್ನೆರಡು ಸಾವಿರದ ‘ಅಲ್ಟ್ರಾ’

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ 2024ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಆರಂಭಿಕ ಬೆಲೆ 1,29,999 ರೂಪಾಯಿ. ಅದೇ ಹೆಸರು, ಅದೇ ಬಣ್ಣ, ಬೆನ್ನ ಮೇಲೆ ಅದೇ ಸಾಲು ಕ್ಯಾಮೆರಾಗಳಿರುವ ಫೋನು ಮೊಬೈಲಿನ ಜಾಹೀರಾತುಗಳಲ್ಲಿ ಹನ್ನೆರಡು ಸಾವಿರಕ್ಕೂ ಸಿಗುತ್ತದೆ. ಕಸ್ಟಮ್ಸ್ ಹರಾಜಿನ ಮಾಲು, ಗೋದಾಮು ಖಾಲಿ ಮಾಡುತ್ತಿದ್ದೇವೆ, ಇವತ್ತೊಂದೇ ದಿನ ಈ ಬೆಲೆ ಎಂದೆಲ್ಲ ಕಾರಣ ಕೊಡುತ್ತಾರೆ. ಮಾಡೆಲ್ ಹಳತಾದಂತೆ ಬೆಲೆ ಇಳಿಯುವುದು ನಿಜ, ಹಬ್ಬದ ಮಾರಾಟದಲ್ಲಿ ಇನ್ನಷ್ಟು ಇಳಿಯುವುದೂ ನಿಜ. ಆದರೆ ಆ ಇಳಿಕೆಗೂ ಒಂದು ತಳ ಇರುತ್ತದೆ. ಈ ಫೋನಿನ ಒಡೆದ ಡಿಸ್‌ಪ್ಲೇಯನ್ನು ಸರ್ವಿಸ್ ಸೆಂಟರಿನಲ್ಲಿ ಬದಲಿಸಲು ಹೋದರೆ ಅದೊಂದಕ್ಕೇ ಹನ್ನೆರಡು ಸಾವಿರ ಸಾಲುವುದಿಲ್ಲ. ಪರದೆಯ ಬೆಲೆಗೂ ಕಡಿಮೆಗೆ ಇಡೀ ಫೋನು ಬಂದರೆ ಒಳಗಿರುವುದು ಬೇರೇನೋ ಎಂದೇ ಅರ್ಥ.

ಪರಿಚಯದ ಹುಡುಗನೊಬ್ಬ ಇಂಥದೊಂದನ್ನು ಕೊಂಡು ತಂದು ತೋರಿಸಿದ. ಅನುಮಾನ ಬಂದು ಕೇಳಿದರೆ, “ಸೆಟ್ಟಿಂಗ್ಸ್‌ನಲ್ಲೇ ಎಲ್ಲಾ ಇದೆಯಲ್ಲ ಸಾರ್, ನೋಡಿ” ಎಂದ. ನಿಜ, ಎಲ್ಲವೂ ಇತ್ತು. About phone ತೆರೆದರೆ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್, 16 ಜಿಬಿ ರ್‍ಯಾಮ್, 1 ಟಿಬಿ ಸ್ಟೋರೇಜ್, 7800 ಎಂಎಎಚ್ ಬ್ಯಾಟರಿ, ಆಂಡ್ರಾಯ್ಡ್ 14.

ಮೋಸದ ಮೊದಲ ಸುಳಿವು ಸಿಗುವುದು ಇಲ್ಲೇ. ಅಸಲಿ ಎಸ್24 ಅಲ್ಟ್ರಾ 256 ಜಿಬಿಯದಾಗಲಿ, 1 ಟಿಬಿಯದಾಗಲಿ, ಎಲ್ಲದರಲ್ಲೂ ರ್‍ಯಾಮ್ 12 ಜಿಬಿ. 16 ಜಿಬಿಯ ಮಾಡೆಲನ್ನು ಕಂಪನಿ ಮಾಡಲೇ ಇಲ್ಲ. ಬ್ಯಾಟರಿ 5000 ಎಂಎಎಚ್. ನಕಲಿ ಮಾಡುವವರು ಗಿರಾಕಿಯನ್ನು ಸೆಳೆಯಲು ಅಸಲಿಗಿಂತಲೂ ದೊಡ್ಡ ಅಂಕಿ ಬರೆಯುತ್ತಾರೆ. ಕೊಳ್ಳುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲಿನ ವಿವರ ತೆರೆದು ಸಾಲು ಸಾಲಾಗಿ ಹೋಲಿಸಿದರೆ ಎಷ್ಟೋ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಹಾಗಿದ್ದರೆ ಫೋನು ತನ್ನ ಬಗ್ಗೆ ಸುಳ್ಳು ಹೇಳುವುದು ಹೇಗೆ? About phone ಪುಟದಲ್ಲಿ ಕಾಣುವುದು ಸಾಫ್ಟ್‌ವೇರ್ ಬರೆದು ತೋರಿಸುವ ಅಕ್ಷರಗಳು, ಅಷ್ಟೇ. ಸಾಫ್ಟ್‌ವೇರ್ ತುಂಬಿದವನು ಅಲ್ಲಿ ಏನು ಬೇಕಾದರೂ ಬರೆಯಬಹುದು. ಇಂಥ ಫೋನುಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು ಮೀಡಿಯಾಟೆಕ್‌ನ MT6580 ಎಂಬ ಹಳೆಯ ಅಗ್ಗದ ಚಿಪ್. ಅದರ ಜೊತೆಗೆ ಒಂದೆರಡು ಜಿಬಿ ರ್‍ಯಾಮ್. ಒಳಗಿನ ಯಂತ್ರಾಂಶ ತೋರಿಸುವ ಆ್ಯಪ್ ಹಾಕಿ ನೋಡುತ್ತೇನೆ ಎಂದರೆ ಅದಕ್ಕೂ ಅವರು ಸಿದ್ಧರಾಗಿಯೇ ಇದ್ದಾರೆ. ಡಾಕ್ಟರ್ ವೆಬ್ ಎಂಬ ರಷ್ಯಾದ ಭದ್ರತಾ ಸಂಸ್ಥೆ 2025ರಲ್ಲಿ ಇಂಥ ಅಗ್ಗದ ಫೋನುಗಳನ್ನು ಪರಿಶೀಲಿಸಿದಾಗ, ಸೆಟ್ಟಿಂಗ್ಸ್ ಪುಟದಲ್ಲಷ್ಟೇ ಅಲ್ಲ, CPU-Z ಮತ್ತು AIDA64 ಎಂಬ ಜನಪ್ರಿಯ ಆ್ಯಪ್‌ಗಳಲ್ಲೂ ಸುಳ್ಳು ವಿವರವೇ ಬರುವಂತೆ ಮಾಡಿದ್ದು ಕಂಡುಬಂತು. DevCheck ಎಂಬ ಆ್ಯಪ್ ಸಾಮಾನ್ಯವಾಗಿ ಸರಿಯಾದ ವಿವರ ಹಿಡಿಯುತ್ತದೆ ಎಂದು ಆ ಸಂಸ್ಥೆ ಹೇಳಿತು. ಆದರೂ ನಾನು ಫೋನಿನ ಬಾಯಿಮಾತನ್ನು ನಂಬುವುದಕ್ಕಿಂತ ಅದರ ಕೈಯಲ್ಲಿ ಕೆಲಸ ಮಾಡಿಸಿ ನೋಡುವುದೇ ಮೇಲು ಎನ್ನುವವನು.

ಆ ಹುಡುಗನ ಫೋನಿನಲ್ಲಿ ಮೊದಲು ಮಾಡಿದ್ದು ಒಂದು ಸ್ಕ್ರೀನ್‌ಶಾಟ್. ಅಸಲಿ ಅಲ್ಟ್ರಾದ ಸೆಟ್ಟಿಂಗ್ಸ್‌ನಲ್ಲಿ Display ಒಳಗೆ Screen resolution ಎಂಬ ಆಯ್ಕೆ ಇರುತ್ತದೆ. ಅದನ್ನು ಅತಿ ಹೆಚ್ಚಿನದಕ್ಕೆ, ಅಂದರೆ QHD+ಗೆ ಇಟ್ಟು ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಯಲ್ಲಿ ಆ ಚಿತ್ರದ ವಿವರ ನೋಡಿದರೆ 1440x3120 ಎಂದಿರಬೇಕು. ಈ ಫೋನಿನಲ್ಲಿ ಆ ಆಯ್ಕೆಯೇ ಇರಲಿಲ್ಲ. ಚಿತ್ರದ ಅಗಲ ಬರೀ 720 ಪಿಕ್ಸೆಲ್. About phone ಪುಟವನ್ನು ತಿದ್ದಿದವರು ಸ್ಕ್ರೀನ್‌ಶಾಟಿನ ಅಳತೆಯ ಗೊಡವೆಗೆ ಹೋಗಿರಲಿಲ್ಲ.

ಆಮೇಲೆ Android version ಎಂಬ ಸಾಲನ್ನು ಬೆರಳಿನಿಂದ ಬೇಗಬೇಗನೆ ನಾಲ್ಕೈದು ಸಲ ತಟ್ಟಿದೆವು. ಆಂಡ್ರಾಯ್ಡಿನ ಪ್ರತಿ ಆವೃತ್ತಿಯಲ್ಲೂ ಹೀಗೆ ತಟ್ಟಿದಾಗ ಮಾತ್ರ ತೆರೆದುಕೊಳ್ಳುವ ಒಂದು ಗುಟ್ಟಿನ ಚಿತ್ರ ಇರುತ್ತದೆ. 14ರಲ್ಲಿ ಬರುವುದು ಬಾಹ್ಯಾಕಾಶದ ಚಿತ್ರ, ಅದರೊಳಗೆ ನೌಕೆ ಹಾರಿಸುವ ಪುಟ್ಟ ಆಟ. ಇಲ್ಲಿ ಬಂದದ್ದು ಓರಿಯೋ ಬಿಸ್ಕತ್ತು! ಅದು 2017ರ ಆಂಡ್ರಾಯ್ಡ್ 8ರ ಗುರುತು. ಮೇಲೆ 14 ಎಂಬ ಅಂಕಿ, ಅಡಿಯಲ್ಲಿ ಏಳು ವರ್ಷ ಹಳೆಯ ತಂತ್ರಾಂಶ. ಹುಡುಗನ ಮುಖ ಬಾಡಿದ್ದು ಆಗಲೇ.

ಕ್ಯಾಮೆರಾದ ಪರೀಕ್ಷೆಗೆ ಬೆಳಕು ಚೆನ್ನಾಗಿರಬೇಕು. ಹೊರಗೆ ನಿಂತು ದೂರದ ಮರವನ್ನೋ ಬೋರ್ಡನ್ನೋ ನೋಡುತ್ತಾ, ಜೂಮ್ ಅನ್ನು 0.6, 1, 3, 5 ಎಂದು ಬದಲಿಸುತ್ತಾ ಹಿಂಬದಿಯ ಕಣ್ಣುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಬೇಕು. ಅಸಲಿಯಲ್ಲಿ ಪ್ರತಿ ಹಂತಕ್ಕೂ ಬೇರೆ ಕಣ್ಣು ಕೆಲಸ ಮಾಡುವುದರಿಂದ ಬೇರೆ ಬೇರೆ ಕಣ್ಣು ಮುಚ್ಚಿದಾಗ ಪರದೆ ಕತ್ತಲಾಗುತ್ತದೆ. ನಕಲಿಯಲ್ಲಿ ಒಂದನ್ನು ಮುಚ್ಚಿದರೆ ಎಲ್ಲಾ ಹಂತದಲ್ಲೂ ಕತ್ತಲು. ಉಳಿದ ಮೂರನ್ನು ಮುಚ್ಚಿದರೂ ಏನೂ ಆಗುವುದಿಲ್ಲ, ಅವು ಬರೀ ಗಾಜು. ಕತ್ತಲಲ್ಲಿ ಅಥವಾ ತೀರಾ ಹತ್ತಿರದ ವಸ್ತುವಿನ ಮೇಲೆ ಈ ಪರೀಕ್ಷೆ ಬೇಡ, ಆಗ ಅಸಲಿ ಫೋನು ಕೂಡ ಜೂಮಿಗೆ ಮುಖ್ಯ ಕ್ಯಾಮೆರಾವನ್ನೇ ಬಳಸಿಕೊಳ್ಳುವುದುಂಟು. ಇನ್ನು ಪೆನ್ನು. ಅಸಲಿ ಎಸ್ ಪೆನ್ನನ್ನು ಪರದೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದರೂ ಒಂದು ಚುಕ್ಕೆ ಮೂಡಿ ಅದರ ಜೊತೆಗೆ ಚಲಿಸುತ್ತದೆ. ನಕಲಿಯದು ಬೆರಳಿನ ಬದಲು ಬಳಸುವ ಕಡ್ಡಿ, ಮುಟ್ಟಿದರೆ ಮಾತ್ರ ಕೆಲಸ.

ನಮ್ಮ ದೇಶದಲ್ಲಿ ಇನ್ನೊಂದು ಸುಲಭ ಪರೀಕ್ಷೆ ಇದೆ: ಜಿಯೋ ಸಿಮ್. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. MT6580 ಚಿಪ್‌ಗೆ 3ಜಿಗಿಂತ ಮುಂದೆ ಹೋಗಲು ಬರುವುದಿಲ್ಲ. ಹಾಗಾಗಿ ಪರದೆಯ ಮೂಲೆಯಲ್ಲಿ 5ಜಿ ಎಂದು ಹೊಳೆಯುತ್ತಿದ್ದರೂ ಜಿಯೋ ಸಿಮ್ ಹಾಕಿದರೆ ಕರೆಯೇ ಹೋಗುವುದಿಲ್ಲ. ಆದರೆ ಈಚಿನ ನಕಲಿಗಳಲ್ಲಿ 4ಜಿ ಚಿಪ್ ಕೂಡ ಬರುತ್ತಿದೆ, ಅವು ಇದರಲ್ಲಿ ಪಾಸಾಗುತ್ತವೆ.

ಐಎಂಇಐ ನೋಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ನೋಡಬೇಕು, ಖಂಡಿತ. `*#06#` ಒತ್ತಿದರೆ 15 ಅಂಕಿಯ ಸಂಖ್ಯೆ ಬರುತ್ತದೆ. KYM ಎಂದು ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಅಥವಾ ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲಿನಲ್ಲಿ ಹಾಕಿದರೆ, ಆ ಸಂಖ್ಯೆ ಯಾವ ಕಂಪನಿಯ ಯಾವ ಮಾಡೆಲಿಗೆ ಸೇರಿದ್ದು ಎಂದು ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಆಗಿದೆ, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಆ ಫೋನು ಕೊಳ್ಳಲೇಬಾರದು. ಆದರೆ ಉತ್ತರ ಸರಿಯಾಗಿ ಬಂತೆಂದ ಮಾತ್ರಕ್ಕೆ ಫೋನು ಅಸಲಿ ಎನ್ನುವಂತಿಲ್ಲ. ಯಾವುದೋ ಅಸಲಿ ಫೋನಿನ ಸಂಖ್ಯೆಯನ್ನು ಕದ್ದು ನಕಲಿಯೊಳಗೆ ಬರೆದಿದ್ದರೆ ಪೋರ್ಟಲ್ ಆ ಅಸಲಿಯ ವಿವರವನ್ನೇ ತೋರಿಸುತ್ತದೆ. ಈ ಪರೀಕ್ಷೆಯಲ್ಲಿ ಸೋತದ್ದು ಅನುಮಾನಾಸ್ಪದ, ಗೆದ್ದದ್ದಕ್ಕೆ ಉಳಿದ ಪರೀಕ್ಷೆಗಳು ಬಾಕಿ.

ಐಫೋನಿನ ನಕಲಿ ಹಿಡಿಯುವುದು ಇಷ್ಟು ಕಷ್ಟವಲ್ಲ. ಒಳಗಿರುವುದು ಐಫೋನಿನ ವೇಷ ತೊಟ್ಟ ಆಂಡ್ರಾಯ್ಡ್ ಆದ್ದರಿಂದ App Store ಒತ್ತಿ ಏನಾದರೂ ಹುಡುಕಲು ಹೋದರೆ ಗೂಗಲ್ ಪ್ಲೇ ತೆರೆದುಕೊಳ್ಳುವುದುಂಟು.

ನಕಲಿ ಎಂದು ಗೊತ್ತಾದ ಮೇಲೂ “ಹೋಗಲಿ ಬಿಡಿ, ಕೊಟ್ಟ ದುಡ್ಡಿಗೆ ಬಳಸುತ್ತೇನೆ” ಎನ್ನುವವರಿದ್ದಾರೆ. ನನಗೆ ನಿಜಕ್ಕೂ ಭಯವಾಗುವುದು ಇವರ ಬಗ್ಗೆ. ಡಾಕ್ಟರ್ ವೆಬ್ ಪರಿಶೀಲಿಸಿದ ಫೋನುಗಳಲ್ಲಿ ಮೊದಲೇ ತುಂಬಿಸಿಟ್ಟಿದ್ದ ವಾಟ್ಸ್‌ಆ್ಯಪ್‌ನೊಳಗೇ ಕಳ್ಳ ತಂತ್ರಾಂಶ ಇತ್ತು. ಕ್ರಿಪ್ಟೋ ಹಣ ಕಳಿಸುವ ವಿಳಾಸವನ್ನು ಅದು ಸಂದೇಶದಲ್ಲೇ ಗುಟ್ಟಾಗಿ ಬದಲಿಸುತ್ತಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆ ಅದೇ ವರ್ಷ ಜನಪ್ರಿಯ ಮಾಡೆಲ್‌ಗಳ ನಕಲಿಗಳಲ್ಲಿ ಟ್ರಿಯಾಡಾ ಎಂಬ ಇನ್ನೊಂದನ್ನು ಪತ್ತೆಹಚ್ಚಿತು. ಅದು ಎಸ್‌ಎಂಎಸ್ ಓದುತ್ತದೆ, ಕಳಿಸುತ್ತದೆ, ಅಳಿಸುತ್ತದೆ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ ಎಂಬುದನ್ನು ನೆನಪಿಡಿ. ಇವು ಫೋನಿನ ಮೂಲ ತಂತ್ರಾಂಶದಲ್ಲೇ ಬೆರೆತಿರುವುದರಿಂದ ಫ್ಯಾಕ್ಟರಿ ರೀಸೆಟ್ ಮಾಡಿದರೂ ಹೋಗುವುದಿಲ್ಲ.

ಆದ್ದರಿಂದ ಅನುಮಾನದ ಫೋನಿಗೆ ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರಿನ ಸಿಮ್ ಹಾಕಬೇಡಿ, ಯುಪಿಐ ಆ್ಯಪ್ ತೆರೆಯಬೇಡಿ. ಮಾರಿದವನು ದುಡ್ಡು ಹಿಂದಿರುಗಿಸದಿದ್ದರೆ ಗ್ರಾಹಕ ಸಹಾಯವಾಣಿ 1915. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930. ಪರೀಕ್ಷಿಸುವ ಗಡಿಬಿಡಿಯಲ್ಲಿ ಜಿಮೇಲ್‌ಗೆ ಲಾಗಿನ್ ಆಗಿದ್ದರೆ ಬೇರೆ ಫೋನಿನಿಂದ ಗೂಗಲ್ ಖಾತೆಗೆ ಹೋಗಿ, Your devices ಪಟ್ಟಿಯಿಂದ ಈ ಫೋನನ್ನು ತೆಗೆದು, ಪಾಸ್‌ವರ್ಡ್ ಬದಲಿಸಬೇಕು. ಹುಡುಗನಿಂದ ನಾವು ಅವತ್ತೇ ಅದನ್ನು ಮಾಡಿಸಿದೆವು.