ಸುಟ್ಟ ನಾಲಗೆ ಮತ್ತು ತಣ್ಣನೆಯ ಹಾಲು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಇಲಿಗಳ ಕಾಟವನ್ನು ತಡೆಯಲು ಅರಸನು ಮನೆಮನೆಗೂ ಒಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ನಾಲಗೆ ಸುಟ್ಟುಕೊಂಡ ಆ ಪ್ರಾಣಿ ಮುಂದೆ ಹಾಲಿನ ಬಟ್ಟಲನ್ನು ಕಂಡೊಡನೆ ಓಡಿಹೋಗುತ್ತಿತ್ತು. ನಾವೆಲ್ಲ ಈ ಕಥೆಗೆ ನಗುತ್ತೇವೆ. ಆದರೆ ಮನಶ್ಶಾಸ್ತ್ರಜ್ಞನು ಇಲ್ಲಿ ಒಂದು ಪ್ರಶ್ನೆಯನ್ನು ಕೇಳುವನು: ಎರಡನೆಯ ದಿನದ ಹಾಲು ತಣ್ಣಗಿತ್ತೆಂಬುದು ಆ ಬೆಕ್ಕಿಗೆ ತಿಳಿಯುವ ಬಗೆ ಯಾವುದು? ಓಡಿಹೋದ ಬೆಕ್ಕಿಗೆ ತಣ್ಣನೆಯ ಹಾಲಿನ ಅನುಭವವೇ ಆಗುವುದಿಲ್ಲ. ಅದರ ಭಯವನ್ನು ಉಳಿಸಿರುವುದು ಮೊದಲ ದಿನದ ಸುಡುವಿಕೆಯೊಂದೇ ಅಲ್ಲ, ಆ ಬಳಿಕದ ಪ್ರತಿಯೊಂದು ಓಟವೂ ಹೌದು.

ಪ್ರೀತಿಸಿದವರಿಂದ ವಂಚನೆಗೊಳಗಾದವರು ಹೊಸ ಸಂಗಾತಿಯನ್ನು ನಂಬಲು ಏಕೆ ಅಷ್ಟೊಂದು ಕಷ್ಟಪಡುತ್ತಾರೆಂಬುದನ್ನು ಈ ಬೆಕ್ಕಿನ ನೆರವಿನಿಂದಲೇ ವಿಚಾರ ಮಾಡಬಹುದು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ತರುಣಿಯನ್ನು ಊಹಿಸಿಕೊಳ್ಳೋಣ. ಆಕೆ ಮೊದಲು ಪ್ರೀತಿಸಿದವನು ಎರಡು ವರ್ಷ ಕಾಲ ಇನ್ನೊಬ್ಬಳೊಡನೆಯೂ ಸಂಬಂಧವಿಟ್ಟುಕೊಂಡಿದ್ದನು. “ಆಫೀಸಿನಲ್ಲಿ ಕೆಲಸ ಜಾಸ್ತಿ” ಎಂಬುದು ಅವನ ನಿತ್ಯದ ಸುಳ್ಳು. ಈಗ ಆಕೆಗೆ ಹೊಸ ಸಂಗಾತಿ ದೊರೆತಿದ್ದಾನೆ, ಮದುವೆಯ ಮಾತೂ ನಡೆದಿದೆ. ಒಂದು ಸಂಜೆ ಏಳಕ್ಕೆ ಬರುವೆನೆಂದವನು ಏಳೂವರೆಯಾದರೂ ಬರಲಿಲ್ಲ. ಆಕೆಯ ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಬೆವರಿತು. ಕೂಡಲೆ ಫೋನ್ ಮಾಡಿದಳು. “ಮೆಜೆಸ್ಟಿಕ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಬರ್ತಿದ್ದೇನೆ” ಎಂದನು. ಹಿನ್ನೆಲೆಯಲ್ಲಿ ಬಸ್ಸುಗಳ ಸದ್ದು ಕೇಳಿಸಿತು. ಮನಸ್ಸು ನಿರಾಳವಾಯಿತು.

ಈ ಸಂಜೆಯಿಂದ ಆಕೆಯ ಮನಸ್ಸು ಏನನ್ನು ಕಲಿಯಿತು? ಸಂಗಾತಿ ನಂಬತಕ್ಕವನು ಎಂಬುದನ್ನಲ್ಲ; ಫೋನ್ ಮಾಡಿ ವಿಚಾರಿಸಿದರೆ ಭಯ ಹೋಗುತ್ತದೆ ಎಂಬುದನ್ನು. ಒಳ್ಳೆಯ ಫಲದ ಯಶಸ್ಸೆಲ್ಲ ವಿಚಾರಣೆಯ ಲೆಕ್ಕಕ್ಕೆ ಜಮೆಯಾಯಿತು. ಹೀಗೆ ನೂರು ಸಂಜೆಗಳು ಕಳೆದರೂ ಅವನ ಪ್ರಾಮಾಣಿಕತೆಯ ಖಾತೆಗೆ ಬೀಳುವುದು ಅತ್ಯಲ್ಪ. ಫೋನನ್ನು ಕದ್ದು ನೋಡುವುದು, ಗೆಳೆಯರಲ್ಲಿ ಸುಳಿವು ಕೇಳುವುದು, ಅವನು ಎಲ್ಲಿದ್ದಾನೆಂದು ನಕ್ಷೆಯಲ್ಲಿ ಗಮನಿಸುವುದು, ಇವೆಲ್ಲವೂ ಬೆಕ್ಕಿನ ಓಟದ ಬೇರೆಬೇರೆ ರೂಪಗಳೇ.

ಇದು ಬರಿಯ ಹೋಲಿಕೆಯಲ್ಲ. 1953ರಲ್ಲಿ ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳ ವರದಿಯನ್ನು ಪ್ರಕಟಿಸಿದರು. (ಇಂದಿನ ಸಂಶೋಧಕರು ಅಂತಹ ಕಠೋರ ಪ್ರಯೋಗಕ್ಕೆ ಒಪ್ಪಲಾರರು, ಒಪ್ಪಬಾರದು ಕೂಡ.) ನಡುವೆ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿ, ಒಂದು ಸಂಜ್ಞೆ ತೋರಿದ ಕೆಲವು ಕ್ಷಣಗಳಲ್ಲಿ ನೆಲದಿಂದ ವಿದ್ಯುತ್ತಿನ ಆಘಾತ ತಗಲುತ್ತಿತ್ತು. ನಾಯಿಗಳು ಸಂಜ್ಞೆ ಕಂಡೊಡನೆ ಆಚೆಗೆ ನೆಗೆಯುವುದನ್ನು ಬೇಗನೆ ಕಲಿತವು. ಅನಂತರ ವಿದ್ಯುತ್ತನ್ನು ಪೂರ್ಣವಾಗಿ ನಿಲ್ಲಿಸಲಾಯಿತು. ಆದರೂ ಇನ್ನೂರು ಬಾರಿ ಸಂಜ್ಞೆ ತೋರಿಸಿದ ಮೇಲೂ ನಾಯಿಗಳು ನೆಗೆಯುತ್ತಲೇ ಇದ್ದವು! ನೆಲದಲ್ಲಿ ಈಗ ಅಪಾಯವಿಲ್ಲವೆಂದು ತಿಳಿಯಬೇಕಾದರೆ ಅಲ್ಲಿ ನಿಲ್ಲಬೇಕಾಗಿತ್ತು. ಅವು ನಿಲ್ಲಲೇ ಇಲ್ಲ. ನೆಗೆತವನ್ನು ಗಾಜಿನ ಹಲಗೆಯಿಂದ ತಡೆದಾಗ ಕೂಡ ಅಭ್ಯಾಸವನ್ನು ಬಿಟ್ಟವು ಕೆಲವೇ ನಾಯಿಗಳು.

ಹಾಗಾದರೆ ಮಾರ್ಗವೇನು? ಭಯದ ಚಿಕಿತ್ಸೆಯಲ್ಲಿ ಇತ್ತೀಚಿನ ದಶಕಗಳಲ್ಲಿ ಮಿಷೆಲ್ ಕ್ರಾಸ್ಕ್ ಮೊದಲಾದವರು ಒತ್ತಿ ಹೇಳುವ ವಿಷಯವೊಂದುಂಟು: ಮನಸ್ಸು ಹೊಸದನ್ನು ಕಲಿಯುವುದು, ಅದು ನಿರೀಕ್ಷಿಸಿದ ಕೇಡು ಸಂಭವಿಸದೆ ಹೋದಾಗ. ನಿರೀಕ್ಷೆಗೂ ಫಲಕ್ಕೂ ಇರುವ ಅಂತರ ದೊಡ್ಡದಾದಷ್ಟೂ ಪಾಠ ಗಟ್ಟಿ. ಆದುದರಿಂದ ನಿರೀಕ್ಷೆಯನ್ನು ಮೊದಲೇ ಸ್ಪಷ್ಟವಾಗಿ ಬರೆದಿಡಬೇಕು. ಇಲ್ಲವಾದರೆ ಮನಸ್ಸು “ನನಗೆ ಮೊದಲೇ ಗೊತ್ತಿತ್ತು” ಎಂದು ಜಾರಿಕೊಳ್ಳುವುದು.

ನಮ್ಮ ತರುಣಿ ಒಂದು ಪುಸ್ತಕವನ್ನು ಇಟ್ಟುಕೊಂಡಳೆನ್ನೋಣ. ಮುಂದಿನ ಸಲ ತಡವಾದಾಗ ಅದರಲ್ಲಿ ಬರೆದಳು: “ಎಲ್ಲಿದ್ದನೆಂದು ನಾನು ಕೇಳದ ಹೊರತು ಹೇಳುವುದಿಲ್ಲ. ಖಾತ್ರಿ, ನೂರಕ್ಕೆ 80.” ಫೋನನ್ನು ಬೇರೆ ಕೋಣೆಯಲ್ಲಿಟ್ಟಳು. ಮೊದಲ ಇಪ್ಪತ್ತು ನಿಮಿಷ ಹಿಂಸೆಯಾಯಿತು. ಎಂಟಕ್ಕೆ ಬಂದವನು ಚಪ್ಪಲಿ ಬಿಡುತ್ತಲೇ ಗಾಡಿ ಪಂಕ್ಚರ್ ಆದ ಕಥೆಯನ್ನು ತಾನಾಗಿ ಹೇಳಿದನು. ಕೇಳಿ ಪಡೆದ ಉತ್ತರಕ್ಕಿಂತ ಕೇಳದೆ ಬಂದ ಈ ಮಾತಿಗೆ ತೂಕ ಹೆಚ್ಚು. ಏಕೆಂದರೆ ಅದನ್ನು ಒತ್ತಾಯದ ಫಲವೆಂದು ತಳ್ಳಿಹಾಕುವಂತಿಲ್ಲ. ಎರಡನೆಯ ಸಲ ಖಾತ್ರಿ 70, ಆಮೇಲೆ 45. ಒಮ್ಮೆ ಅವನು ಮಾತು ಕೊಟ್ಟು ಮರೆತನು. ಅಂಕ ಮತ್ತೆ 65ಕ್ಕೆ ಏರಿತು. ಇಳಿಕೆ ಎಂದೂ ನೇರವಾದ ಗೆರೆಯಲ್ಲ.

ಪುಸ್ತಕಕ್ಕೆ ಇನ್ನೊಂದು ಮುಖವೂ ಉಂಟು. ಬರೆದ ಕೇಡು ನಿಜವಾಗಿಯೇ ಮತ್ತೆ ಮತ್ತೆ ಸಂಭವಿಸಿದರೆ, ಹೇಳಿದ ಸ್ಥಳದಲ್ಲಿ ಅವನು ಇರಲಿಲ್ಲವೆಂಬುದು ಪದೇಪದೇ ಹೊರಬಿದ್ದರೆ, ಭಯವು ಹಳೆಯ ಗಾಯದ್ದಲ್ಲ, ಎದುರಿಗಿರುವ ಮನುಷ್ಯನದು. ಆಗ ಕಲಿಯಬೇಕಾದ ಪಾಠವೇ ಬೇರೆ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 484 ಮಂದಿಯನ್ನು ಎರಡು ಸಂಬಂಧಗಳ ಉದ್ದಕ್ಕೂ ವಿಚಾರಿಸಿದ ಅಧ್ಯಯನವೊಂದರಲ್ಲಿ, ಮೊದಲ ಸಂಗಾತಿ ವಂಚಿಸಿದನೆಂದು ಖಚಿತವಾಗಿ ಬಲ್ಲವರು ಮುಂದಿನ ಸಂಗಾತಿಯೂ ವಂಚಿಸಿದನೆಂದು ಹೇಳುವ ಸಂಭವ ಇತರರಿಗಿಂತ ಎರಡರಷ್ಟಿತ್ತು. ಮೊದಲ ಸಂಗಾತಿಯನ್ನು ಬರಿಯ ಸಂಶಯದಿಂದ ಕಂಡವರು ಎರಡನೆಯವನನ್ನೂ ಸಂಶಯಿಸುವ ಸಂಭವ ನಾಲ್ಕರಷ್ಟು. ಇವರಲ್ಲಿ ಯಾರು ಮನದ ಗಾಯದಿಂದ ಸಂಶಯಿಸಿದರು, ಯಾರಿಗೆ ಮತ್ತೆ ಅಂಥವನೇ ದೊರೆತನು ಎಂಬುದನ್ನು ಅಂಕಿಗಳು ಬೇರ್ಪಡಿಸಿ ಹೇಳಲಾರವು. ಒಬ್ಬೊಬ್ಬರ ಪುಸ್ತಕ ಮಾತ್ರ ಅದನ್ನು ಸ್ವಲ್ಪಮಟ್ಟಿಗೆ ಹೇಳಬಲ್ಲುದು.

ಸ್ವಲ್ಪಮಟ್ಟಿಗೆ ಎಂದೆವು, ಏಕೆಂದರೆ ಜಾಣ ವಂಚಕನು ಪಂಕ್ಚರ್ ಕಥೆಯನ್ನೂ ಕಟ್ಟಬಲ್ಲನು. ಸಂಗಾತಿಗಳ ನಡುವಿನ ನಂಬಿಕೆಯನ್ನು ಪರಿಶೀಲಿಸಿದ ರೆಂಪೆಲ್, ಹೋಮ್ಸ್ ಮತ್ತು ಝನ್ನಾ ಎಂಬವರು 1985ರಲ್ಲಿ ಅದನ್ನು ಮೂರು ಪದರಗಳಾಗಿ ವಿಂಗಡಿಸಿದರು: ನಡೆಯನ್ನು ಮುಂದಾಗಿ ಊಹಿಸಬಲ್ಲೆವು ಎಂಬುದು ಒಂದು, ಈತ ಆಸರೆಯಾಗಬಲ್ಲ ಸ್ವಭಾವದವನು ಎಂಬುದು ಇನ್ನೊಂದು, ಸಾಕ್ಷ್ಯ ಮುಗಿದಲ್ಲಿಂದಾಚೆಗೂ ನಿಲ್ಲುವ ಭರವಸೆ ಮೂರನೆಯದು. ಪುಸ್ತಕದ ಅಂಕಗಳು ಮೊದಲೆರಡನ್ನು ಮುಟ್ಟುತ್ತವೆ. ಮೂರನೆಯದರಲ್ಲಿ ಅಪಾಯವನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಕೊನೆಗೊಂದು ತೊಡಕು. ಹೊಸ ಕಲಿಕೆ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಹೊದಿಸಿದಂತೆ ಇರುತ್ತದೆ. ನಂದಿದ ಪ್ರತಿಕ್ರಿಯೆ ಕೆಲಕಾಲದ ಮೇಲೆ ತಾನಾಗಿ ಮರಳುವುದನ್ನು ಪಾವ್ಲೋವ್ ತನ್ನ ನಾಯಿಗಳಲ್ಲಿಯೇ ಕಂಡಿದ್ದನು. ಕಲಿತ ಸ್ಥಳ ಬದಲಾದರೂ ಅದು ಮರಳುವುದೆಂದು ಅನಂತರ ಮಾರ್ಕ್ ಬೌಟನ್ ವಿಸ್ತಾರವಾಗಿ ತೋರಿಸಿದನು. ನಮ್ಮ ತರುಣಿಯ ಅಂಕ 20ಕ್ಕೆ ಇಳಿದಿದ್ದ ಸಮಯದಲ್ಲಿ ಸಂಗಾತಿ ನಾಲ್ಕು ದಿನದ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೊರಟನು. ಬೆಂಗಳೂರಿನ ಸಂಜೆಗಳಲ್ಲಿ ಕಲಿತ ಪಾಠ ಹುಬ್ಬಳ್ಳಿಯ ಹೋಟೆಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಂದು ರಾತ್ರಿ ಅವನ ಕಡೆಯಿಂದ ಸುದ್ದಿಯಿರಲಿಲ್ಲ. ಆಕೆ ಪುಸ್ತಕವನ್ನು ತೆರೆದು 75 ಎಂದು ಬರೆದಳು, ಕೆಳಗೆ “ಊರು ಹೊಸದು” ಎಂದು ಸೇರಿಸಿದಳು, ಫೋನನ್ನು ಎಂದಿನಂತೆ ಪಕ್ಕದ ಕೋಣೆಯಲ್ಲಿಟ್ಟು ಬಂದಳು.