ಎರೆಮಣ್ಣಿನ ರಾಡಿ ಮತ್ತು ಪಟಿಕದ ಹರಳು

ಮುಂಗಾರಿನಲ್ಲಿ ಬಸವನ ಬಾಗೇವಾಡಿ ಸೀಮೆಯ ಎರೆಹೊಲಗಳಿಂದ ಹರಿದುಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ, ಮರಳು ಬೇಗನೆ ತಳಕ್ಕಿಳಿಯುವುದು. ಮೇಲಿನ ರಾಡಿಯಾದರೋ ಮರುದಿನವೂ ತಿಳಿಯಾಗದು. ಅದರಲ್ಲಿ ಪಟಿಕದ ಹರಳನ್ನು ನಾಲ್ಕು ಸುತ್ತು ಆಡಿಸಿದರೆ ರಾಡಿಯು ಅರಳೆಯಂತೆ ಗಂಟುಕಟ್ಟಿ ಕೆಳಗಿಳಿಯುತ್ತದೆ. ಅಡುಗೆಯ ಉಪ್ಪೂ ಈ ಕೆಲಸ ಮಾಡಬಲ್ಲದು, ಆದರೆ ಅದು ಬಹಳ ಹೆಚ್ಚು ಬೇಕು. ಈ ಅಂತರವೇಕೆ?

ಈ ರಾಡಿ ಒಂದು ಕಲಿಲ. ಅದರ ಕಣಗಳು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕವು, ಅಣುಗಳಿಗಿಂತ ದೊಡ್ಡವು. ಕಲಿಲಗಳಲ್ಲಿ ಎರಡು ಮುಖ್ಯ ಬಗೆ. ಗಂಜಿ, ಗೋಂದುಗಳು ನೀರನ್ನು ಮೈಗೆ ಹಚ್ಚಿಕೊಂಡು ನಿಲ್ಲುವ ದ್ರವಸ್ನೇಹಿಗಳು. ಅವುಗಳನ್ನು ಕೆಡಿಸಲು ಉಪ್ಪು ಬಹಳ ಬೇಕು. ದ್ರವವಿರೋಧಿಗಳನ್ನು ಎತ್ತಿಹಿಡಿದಿರುವುದು ಕಣಗಳ ಮೈಮೇಲಿನ ವಿದ್ಯುದಂಶ ಮಾತ್ರ. ಜೇಡಿಯ ಕಣಗಳು ಋಣವಿದ್ಯುದಂಶವುಳ್ಳವು. ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ.

ಇಂಥ ಒಂದು ಸೋಲನ್ನು ನಾವೇ ತಯಾರಿಸಬಹುದು. 100 ಮಿಲಿಲೀಟರು ಬಟ್ಟಿಯಿಳಿಸಿದ ನೀರನ್ನು ಕುದಿಸಿ, ಅದಕ್ಕೆ ನೂರಕ್ಕೆ ಎರಡರ ಫೆರಿಕ್ ಕ್ಲೋರೈಡು ದ್ರಾವಣ 10 ಮಿಲಿಲೀಟರನ್ನು ಹನಿಹನಿಯಾಗಿ ಬೆರೆಸಬೇಕು. ಕೆಂಪುಗಂದು ಬಣ್ಣದ, ಆದರೂ ಪಾರದರ್ಶಕವಾದ ಫೆರಿಕ್ ಹೈಡ್ರಾಕ್ಸೈಡಿನ ಸೋಲು ದೊರೆಯುತ್ತದೆ. ಬಾವಿಯ ಗಡಸು ನೀರನ್ನು ಬಳಸಿದರೆ ಸೋಲಿನ ಬದಲು ಕಂದು ಗಸಿ ಕೂಡುವ ಸಂಭವ ಹೆಚ್ಚು. ಆ ನೀರಿನಲ್ಲಿರುವ ಲವಣಗಳೇ ಅದಕ್ಕೆ ಕಾರಣ.

ಈ ಸೋಲಿನ ಕಣಗಳು ಧನವಿದ್ಯುದಂಶದವು. ಆದುದರಿಂದ ಇದನ್ನು ಕೆಡಿಸುವಲ್ಲಿ ಲೆಕ್ಕಕ್ಕೆ ಬರುವುದು ಲವಣದ ಋಣ ಅಯಾನು: ಒಂದು ವಿದ್ಯುದಂಶದ ಕ್ಲೋರೈಡಿಗಿಂತ ಎರಡರ ಸಲ್ಫೇಟು ಎಷ್ಟೋ ಪಾಲು ಬಲಶಾಲಿ. ಜೇಡಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಧನ ಅಯಾನಿನದೇ ಆಟ. 1882ರಲ್ಲಿ ಶೂಲ್ಟ್ಸೆ, 1900ರಲ್ಲಿ ಹಾರ್ಡಿ ಕಂಡುಕೊಂಡ ನಿಯಮವಿದು. ಋಣಕಣಗಳ ಆರ್ಸೆನಿಕ್ ಸಲ್ಫೈಡಿನ ಸೋಲು ಇದಕ್ಕೆ ಪ್ರಸಿದ್ಧ ನಿದರ್ಶನ. (ಅದು ವಿಷ, ಮನೆಯ ಪ್ರಯೋಗಕ್ಕೆ ತಕ್ಕುದಲ್ಲ.) ಅದರ ಒಂದು ಲೀಟರನ್ನು ಹೆಪ್ಪುಗಟ್ಟಿಸಲು ಸೋಡಿಯಂ ಕ್ಲೋರೈಡು ಸುಮಾರು 3 ಗ್ರಾಂ ಬೇಕು, ಮೆಗ್ನೀಸಿಯಂ ಕ್ಲೋರೈಡು 70 ಮಿಲಿಗ್ರಾಂ, ಅಲ್ಯೂಮಿನಿಯಂ ಕ್ಲೋರೈಡು ಬರೀ 12 ಮಿಲಿಗ್ರಾಂ ಸಾಕು. ಅಯಾನುಗಳ ಸಂಖ್ಯೆಯಲ್ಲಿ ಎಣಿಸಿದರೆ ಅಲ್ಯೂಮಿನಿಯಂ, ಸೋಡಿಯಮ್ಮಿನ ಐನೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಮೂರು ಪಟ್ಟು ವಿದ್ಯುದಂಶಕ್ಕೆ ಮೂರು ಪಟ್ಟು ಫಲ ಸಾಲದೇ ಎಂದು ಓದುಗರು ಕೇಳಬಹುದು. ಋಣಕಣದ ಸುತ್ತ ಧನ ಅಯಾನುಗಳ ಮುಸುಕೊಂದು ಕವಿದಿರುತ್ತದೆ. ವಿದ್ಯುದಂಶ ಹೆಚ್ಚಾದ ಅಯಾನನ್ನು ಕಣವು ಹೆಚ್ಚು ಬಿಗಿಯಾಗಿ ಸೆಳೆಯುವುದರಿಂದ, ದ್ರಾವಣದಲ್ಲಿ ಅದು ವಿರಳವಾಗಿದ್ದರೂ ಕಣದ ಬಳಿ ದಟ್ಟವಾಗಿ ನೆರೆಯುತ್ತದೆ. ಮುಸುಕು ಕಿರಿದಾಗಿ ದೂಡುವ ಬಲ ಕಣದ ಮೈಬಳಿಯಲ್ಲೇ ಕುಂದುತ್ತದೆ. ಆಗ ಎರಡು ಕಣಗಳು ಸನಿಹಕ್ಕೆ ಬಂದರೆ ಅವುಗಳ ಸಹಜ ಆಕರ್ಷಣೆಯೇ ಗೆದ್ದು, ಡಿಕ್ಕಿ ಹೊಡೆದವು ಅಂಟಿಕೊಳ್ಳುತ್ತವೆ. ಬಲವಾದ ವಿದ್ಯುದಂಶವುಳ್ಳ ಕಣಗಳಿಗೆ 1940ರ ದಶಕದಲ್ಲಿ ಹಾಕಿದ ಗಣಿತದ ಪ್ರಕಾರ, ಬೇಕಾಗುವ ಪ್ರಮಾಣ ವಿದ್ಯುದಂಶದ ಆರನೆಯ ಘಾತಕ್ಕೆ ವಿಲೋಮ: ಎರಡಕ್ಕೆ 64ರಲ್ಲೊಂದು, ಮೂರಕ್ಕೆ 729ರಲ್ಲೊಂದು ಪಾಲು. ಮೇಲಿನ ಅಳತೆ ಇದಕ್ಕೆ ಸಾಕಷ್ಟು ಹತ್ತಿರವಿದೆ.

ಪಟಿಕದ ಕಥೆ ಇಷ್ಟಕ್ಕೇ ಮುಗಿಯದು. ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಜಿಗುಟಾದ ಹೈಡ್ರಾಕ್ಸೈಡು ಆಗುತ್ತದೆ. ಅದು ಬೀಳುವಾಗ ಜೇಡಿಯನ್ನೂ ಬಾಚಿಕೊಂಡು ಹೋಗುತ್ತದೆ. ಪಟಿಕ ಅತಿಯಾದರೆ ಅಲ್ಯೂಮಿನಿಯಮ್ಮಿನ ಅಯಾನುಗಳು ಕಣಗಳ ಮೈಯನ್ನೇ ಆವರಿಸಿ ಅವುಗಳಿಗೆ ಧನವಿದ್ಯುದಂಶ ಕೊಡುವುದುಂಟು. ಆಗ ತಿಳಿಯಾಗಬೇಕಾದ ನೀರು ಮತ್ತೆ ರಾಡಿಯಾಗಿಯೇ ನಿಲ್ಲುತ್ತದೆ.